ಮೂರನೇ ಮಹಡಿ: ಬಾಡಿಗೆ, ಕರೆಂಟ್, ಕಸ, ಕುಕ್ಕರ್

ಚೈತ್ರಾ ಗ್ರೂಪ್ ಶುರು ಮಾಡಿದ್ದಾರೆ. ರೂಪಾ, ಅಸ್ಮಾ, ಪೂರ್ಣಿಮಾ ಸೇರಿದ್ದಾರೆ.

ಭಾನುವಾರ, ಸಂಜೆ 6:05

ಚೈತ್ರಾ: ರೂಪಕ್ಕ, ಅಸ್ಮಾ, ಪೂರ್ಣಿ, ಗಾಬರಿ ಬೀಳಬೇಡಿ. ಒಂದೇ ಮನೆಯಲ್ಲಿದ್ದುಕೊಂಡು ಮೆಸೇಜ್ ಯಾಕೆ ಅಂತ ನಗಬಹುದು. ಆದರೆ ನಾಲ್ಕೂ ಜನ ಒಟ್ಟಿಗೆ ಕೂತು ಊಟ ಮಾಡಿ ಎಷ್ಟು ದಿನ ಆಯ್ತು ಹೇಳಿ? ರೂಪಕ್ಕ ನೈಟ್ ಶಿಫ್ಟ್ ಮುಗಿಸಿ ಬರುವ ಹೊತ್ತಿಗೆ ನಾನು ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್‌ನಲ್ಲಿರುತ್ತೇನೆ. ಅಸ್ಮಾ ಕೋಚಿಂಗ್‌ನಿಂದ ಬರುವಾಗ ಪೂರ್ಣಿ ಕಾಲ್‌ನಲ್ಲಿರುತ್ತಾಳೆ. ಫ್ರಿಜ್ ಮೇಲೆ ಚೀಟಿ ಅಂಟಿಸಿ ನೋಡಿದೆವು. ಅದು ಹಾಲಿನ ಪ್ಯಾಕೆಟ್‌ಗೆ ಒದ್ದೆಯಾಗಿ ಹೋಯ್ತು.

ಇನ್ನೊಂದು ಕಾರಣ ಹೋದ ಭಾನುವಾರದ ಕುಕ್ಕರ್. ಅನ್ನ ತಳ ಹಿಡಿದು ಸಿಂಕ್‌ನಲ್ಲಿತ್ತು. ಉಜ್ಜಿದ್ದು ನಾನು. ಯಾರನ್ನೂ ಕೇಳಲಿಲ್ಲ, ಅಸ್ಮಾದೇ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಗುರುವಾರದವರೆಗೂ ಅವಳ ಜೊತೆ ಮುಖ ಗಂಟಿಕ್ಕಿಕೊಂಡೇ ಇದ್ದೆ. ಆಮೇಲೆ ಗೊತ್ತಾಯ್ತು, ಅದು ಪೂರ್ಣಿ ಇಟ್ಟ ಕುಕ್ಕರ್. ತಂಗಿಯ ಬಸ್ ಬೇಗ ಬಂತು ಅಂತ ಮೆಜೆಸ್ಟಿಕ್‌ಗೆ ಓಡಿದ್ದಳಂತೆ. ಅಸ್ಮಾ, ಸಾರಿ ಕಣೇ. ಒಂದೇ ರೂಮಿನಲ್ಲಿ ಮಲಗುವ ನಿನ್ನನ್ನೇ ಒಂದು ಮಾತು ಕೇಳಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ಬಾಡಿಗೆ 30,000. ಅಟ್ಯಾಚ್ಡ್ ಬಾತ್‌ರೂಮ್ ಇರುವುದರಿಂದ ರೂಪಕ್ಕ 9,000, ಬಾಲ್ಕನಿ ರೂಮ್ ಪೂರ್ಣಿ 8,500, ನಾನು ಮತ್ತು ಅಸ್ಮಾ ತಲಾ 6,250. ಇದು ಹಳೆಯ ಲೆಕ್ಕವೇ. ಓನರ್ ಆಂಟಿ ಒಂದೇ ಅಕೌಂಟಿನಿಂದ, 5ನೇ ತಾರೀಖಿನೊಳಗೆ ಬೇಕು ಅಂತಾರೆ. ಹಾಗಾಗಿ 3ನೇ ತಾರೀಖಿಗೆ ರೂಪಕ್ಕನಿಗೆ ಕಳಿಸಿ, ಇಲ್ಲಿ "ಕಳಿಸಿದೆ" ಅಂತ ಹಾಕೋಣ. ಅಕ್ಕನ ಕೈಲಿ ನೆನಪು ಮಾಡಿಸಿಕೊಳ್ಳುವುದು ಬೇಡ. ಹೋದ ತಿಂಗಳು ಒಬ್ಬರ ಪಾಲನ್ನು ಅವರೇ ಹತ್ತು ದಿನ ಕೈಯಿಂದ ಹಾಕಿದ್ದರು.

ಕರೆಂಟ್. ಈ ಸಲ 214 ಯೂನಿಟ್, ಬಿಲ್ 1,868. ಗೃಹಜ್ಯೋತಿ ಇದ್ದೂ ಯಾಕೆ ಬಂತು ಅಂತ ಎಲ್ಲರೂ ಕೇಳಿದಿರಿ. 200 ದಾಟಿದರೆ ಬರೀ ಮೇಲಿನ 14 ಯೂನಿಟ್‌ಗಲ್ಲ, ಪೂರ್ತಿ ಬಿಲ್ ಕಟ್ಟಬೇಕು. ರೂಪಕ್ಕ ಆಧಾರ್, ಬಾಡಿಗೆ ಕರಾರು ಎಲ್ಲಾ ಕೊಟ್ಟು ಅರ್ಜಿ ಹಾಕಿಸಿದ್ದು ದಂಡ ಆಗಬಾರದಲ್ವಾ? ಪೂರ್ಣಿ ಇಡೀ ದಿನ ಮನೆಯಿಂದ ಕೆಲಸ ಮಾಡುತ್ತಾಳೆ, ಕರೆಂಟ್ ಅವಳದ್ದೇ ಜಾಸ್ತಿ ಅಂತ ನಾನೂ ಒಳಗೊಳಗೇ ಅಂದುಕೊಂಡಿದ್ದೆ. ನಿನ್ನೆ ಕೂತು ಲೆಕ್ಕ ಹಾಕಿದೆ. ಅವಳ ಫ್ಯಾನ್ 75 ವಾಟ್, ಲ್ಯಾಪ್‌ಟಾಪ್ ಸುಮಾರು 60. ಒಂಬತ್ತು ಗಂಟೆಗೆ 1.2 ಯೂನಿಟ್. ತಿಂಗಳಿಗೆ 22 ಕೆಲಸದ ದಿನ ಅಂದ್ರೂ ಸುಮಾರು 27 ಯೂನಿಟ್. ಗೀಸರ್ 2000 ವಾಟ್. ಅರ್ಧ ಗಂಟೆಗೇ 1 ಯೂನಿಟ್! ನಾಲ್ಕು ಜನ ದಿನಾ ಅರ್ಧರ್ಧ ಗಂಟೆ ಹಾಕಿದರೆ ತಿಂಗಳಿಗೆ 120. ಹದಿನೈದು ನಿಮಿಷಕ್ಕೆ ಆಫ್ ಮಾಡಿದರೆ ಅದರಲ್ಲಿ ಅರ್ಧ. ಒಟ್ಟಿನಲ್ಲಿ ಕಳ್ಳ ಸಿಕ್ಕಿದ್ದು ಬಾತ್‌ರೂಮಿನಲ್ಲಿ. ಪೂರ್ಣಿ, ನಿನಗೂ ಒಂದು ಸಾರಿ.

ಈ ಬಿಲ್ ತಲಾ 467. ಇನ್ನು ಮೇಲೆ 15ನೇ ತಾರೀಖು ನಾನು ಮೀಟರ್ ಫೋಟೋ ಹಾಕುತ್ತೇನೆ. ಅರ್ಧ ತಿಂಗಳಿಗೇ 100 ದಾಟಿದ್ದರೆ ಆಗಲೇ ಗೊತ್ತಾಗುತ್ತದೆ. ವೈಫೈ ತಲಾ 236, ಲಕ್ಷ್ಮಮ್ಮನಿಗೆ ತಲಾ 600.

ಲಕ್ಷ್ಮಮ್ಮ ಭಾನುವಾರ ಬರುವುದಿಲ್ಲ. ನಮ್ಮ ಜಗಳವೆಲ್ಲ ಹುಟ್ಟುವುದು ಆ ಒಂದು ದಿನದ ಪಾತ್ರೆಯಲ್ಲೇ. ತಿಂದ ತಟ್ಟೆ ಅವರವರದ್ದು. ಕುಕ್ಕರ್, ಬಾಣಲೆ ಅಡುಗೆ ಮಾಡಿದವರದ್ದು. ತಳ ಹಿಡಿದಿದ್ದರೆ ನೀರು ಹಾಕಿ ನೆನೆಸಿ ಇಲ್ಲಿ ಹೇಳಿ, ಸೋಮವಾರ ಲಕ್ಷ್ಮಮ್ಮನ ತಲೆಗೆ ಕಟ್ಟಬೇಡಿ. ಕಸದ ಆಟೋ 7:15ಕ್ಕೆ ಬರುತ್ತದೆ, ಒಂದೊಂದು ವಾರ ಒಬ್ಬೊಬ್ಬರು ಕೆಳಗೆ ಇಳಿಸೋಣ. ಹಸಿ ಕಸದಲ್ಲಿ ಪ್ಲಾಸ್ಟಿಕ್ ಕಂಡರೆ ಅವರು ತಗೊಳ್ಳುವುದಿಲ್ಲ, ಬೈಸಿಕೊಳ್ಳುವುದು ಆಗ ಅಲ್ಲಿ ನಿಂತವರು.

ಕೊನೆಯದಾಗಿ, "ಯಾರೋ" ಅನ್ನುವ ಪದ ಈ ಗ್ರೂಪ್‌ನಲ್ಲಿ ಬೇಡ. "ಯಾರೋ ಗೀಸರ್ ಹಾಗೇ ಬಿಟ್ಟಿದ್ದಾರೆ" ಅಂತ ಬರೆದರೆ ಮೂರು ಜನರಿಗೂ ಚುಚ್ಚುತ್ತದೆ. "ಅಸ್ಮಾ, ಗೀಸರ್ ಆನ್ ಇತ್ತು, ಆಫ್ ಮಾಡಿದೆ" ಅಂದರೆ ಮುಗೀತು. ಕಂಡ ದಿನವೇ ಹೇಳಿ, ವಾರ ಬಿಟ್ಟು ಪಟ್ಟಿ ತೆಗೆಯಬೇಡಿ. ಗುಡ್ ಮಾರ್ನಿಂಗ್ ಹೂವಿನ ಫೋಟೋ ಕೂಡ ಬೇಡ (ರೂಪಕ್ಕ, ಕ್ಷಮಿಸಿ).

6:22

ಅಸ್ಮಾ: ಯವ್ವಾ, ಎಷ್ಟುದ್ದ ಬರೆದಿದ್ದೀಯ! ನಾನು ಪರೀಕ್ಷೆ ಟೆನ್ಶನ್‌ನಲ್ಲಿದ್ದೀಯ ಅಂದುಕೊಂಡು ಸುಮ್ಮನಿದ್ದೆ. ಪರೀಕ್ಷೆ ಇರುವುದು ನನಗೆ, ಟೆನ್ಶನ್ ನಿನಗೆ ಯಾಕೆ ಅಂತ ಹೊಳೆಯಲೇ ಇಲ್ಲ.

ಅಸ್ಮಾ: "ಒಬ್ಬರ ಪಾಲು" ಅಂತ ಬರೆದಿದ್ದೀಯ, ಅದೂ "ಯಾರೋ" ಅಂದ ಹಾಗೇ ಆಯ್ತು. ಅದು ನಾನೇ. ಟ್ಯೂಷನ್ ಹೇಳಿಕೊಡುವ ಕಡೆ ಸಂಬಳ 10ಕ್ಕೆ ಕೊಡುತ್ತಾರೆ. ಪ್ರತಿ ತಿಂಗಳೂ ಹೀಗೇ ಆಗುತ್ತದೆ. ಅಕ್ಕನಿಗೆ ಹೇಳಲು ನಾಚಿಕೆಯಾಗಿತ್ತು.

ರೂಪಾ: ಅದಕ್ಕೆಂಥ ನಾಚಿಕೆ ಮಾರಾಯ್ತಿ. ನೀನು 11ಕ್ಕೆ ಕೊಡು. ತಾರೀಖು ಗೊತ್ತಿದ್ದರೆ ನನಗೆ ತೊಂದರೆ ಇಲ್ಲ. ಹೋದ ತಿಂಗಳು ಬೇಜಾರಾಗಿದ್ದು ದುಡ್ಡಿಗಲ್ಲ, ಯಾವತ್ತು ಬರುತ್ತದೆ ಅಂತ ಗೊತ್ತಿರಲಿಲ್ಲ, ಅಷ್ಟೇ.

ಚೈತ್ರಾ: ತಪ್ಪಾಯ್ತು ಅಸ್ಮಾ. ಮೊದಲ ಮೆಸೇಜಿನಲ್ಲೇ ನನ್ನ ರೂಲ್ ನಾನೇ ಮುರಿದೆ.

ಪೂರ್ಣಿಮಾ: ಕುಕ್ಕರ್ ನಂದೇ, ಒಪ್ಪಿಕೊಂಡೆ. ಆದರೆ ತಂಗಿ ವಿಷಯವನ್ನೂ ಈಗಲೇ ಮಾತಾಡೋಣ. ತಿಂಗಳಿಗೆ ಹತ್ತು ದಿನ ಇಲ್ಲೇ ಇರುತ್ತಾಳೆ. ಯಾರೂ ಏನೂ ಅಂದಿಲ್ಲ, ಆದರೆ ಅವಳು ಬಂದಾಗಲೆಲ್ಲ ಮನೆ ಸ್ವಲ್ಪ ಜಾಸ್ತಿಯೇ ಸೈಲೆಂಟ್ ಆಗುತ್ತದೆ.

ರೂಪಾ: ಹೌದು. ನನಗೆ ಹಗಲು ನಿದ್ದೆ ಬೇಕು, ಅವಳು ಹಾಲ್‌ನಲ್ಲಿ ಸ್ಪೀಕರ್ ಇಟ್ಟು ಮಾತಾಡುತ್ತಾಳೆ. ಹುಡುಗಿ ಒಳ್ಳೆಯವಳೇ.

ಪೂರ್ಣಿಮಾ: ಇಯರ್‌ಫೋನ್ ಕೊಡಿಸುತ್ತೇನೆ. ಕರೆಂಟ್ ಬಿಲ್ ಬಂದ ತಿಂಗಳು ಐದು ಪಾಲು ಮಾಡಿ, ಎರಡು ನಂದು. ಪೂರ್ತಿ ತಿಂಗಳು ಇರುವುದಿಲ್ಲ ಅಂತ ವಾದ ಮಾಡುವುದಿಲ್ಲ, ಗೀಸರ್ ಅವಳದ್ದೇ ಜಾಸ್ತಿ.

ಅಸ್ಮಾ: ಮೂರು ದಿನದೊಳಗಿನ ನೆಂಟರಿಗೆ ಲೆಕ್ಕ ಬೇಡ. ನಮ್ಮಮ್ಮ ಧಾರವಾಡದಿಂದ ಬಂದರೆ ಪೇಡಾ ತಿನ್ನುವುದು ನೀವೇ.

ಚೈತ್ರಾ: ಆಯ್ತು. ಮೂರು ರಾತ್ರಿವರೆಗೆ ಲೆಕ್ಕ ಇಲ್ಲ, ಅದಕ್ಕಿಂತ ಜಾಸ್ತಿ ಆದರೆ ಒಂದು ಪಾಲು. ಬರುವ ಮೊದಲು ಇಲ್ಲಿ ಒಂದು ಸಾಲು. ಪಿನ್ ಮಾಡಿದ್ದೇನೆ:

3ಕ್ಕೆ ಬಾಡಿಗೆ ರೂಪಕ್ಕನಿಗೆ, ಅಸ್ಮಾ 11ಕ್ಕೆ. 15ಕ್ಕೆ ಮೀಟರ್ ಫೋಟೋ. ಕಸ: ಈ ವಾರ ಪೂರ್ಣಿ, ಆಮೇಲೆ ಅಸ್ಮಾ, ರೂಪಕ್ಕ, ನಾನು. ಸಿಲಿಂಡರ್ ಬದಲಿಸಿದವರು ಅವತ್ತೇ ಇಲ್ಲಿ ತಾರೀಖು ಹಾಕಿ, ಬುಕ್ ಮಾಡುವುದು ರೂಪಕ್ಕ.

ರೂಪಾ: ನೈಟ್ ಶಿಫ್ಟ್ ವಾರ 7:15ಕ್ಕೆ ನಾನು ಮನೆಯಲ್ಲಿ ಇರುವುದಿಲ್ಲ. ಆ ವಾರ ಅದಲುಬದಲು ಮಾಡಿಕೊಳ್ಳಿ, ಬದಲಿಗೆ ಫ್ರಿಜ್ ನಾನು ಕ್ಲೀನ್ ಮಾಡುತ್ತೇನೆ. ಒಳಗೆ ಒಂದು ಡಬ್ಬಿ ಇದೆ. ಅದರಲ್ಲಿ ಏನಿತ್ತು ಅಂತ ಈಗ ಹೇಳಲು ಆಗುವುದಿಲ್ಲ. ಯಾರದ್ದು?

ಪೂರ್ಣಿಮಾ: ಅಕ್ಕ, "ಯಾರದ್ದು" ನಡೆಯುತ್ತಾ ರೂಲ್ ಪ್ರಕಾರ?

ಚೈತ್ರಾ: ಪ್ರಶ್ನೆ ನಡೆಯುತ್ತದೆ. ಡಬ್ಬಿ ನಂದು. ತೀರ್ಥಹಳ್ಳಿಯಿಂದ ತಂದ ಪತ್ರೊಡೆ. ಈಗಲೇ ಎಸೆಯುತ್ತೇನೆ.

7:20

ಅಸ್ಮಾ: ಕಾವೇರಿ ನೀರು ಬಂದಿದೆ. ಮೋಟರ್ ಹಾಕಿದ್ದೇನೆ. 7:45ಕ್ಕೆ ಆಫ್ ಮಾಡಬೇಕು, ಇಲ್ಲದಿದ್ದರೆ ಟ್ಯಾಂಕ್ ತುಂಬಿ ಆಂಟಿಯ ಬಟ್ಟೆ ಮೇಲೆ ಸುರಿಯುತ್ತದೆ.

ಚೈತ್ರಾ: ನಾನು ಟೆರೇಸ್‌ನಲ್ಲೇ ಇದ್ದೇನೆ. ಆಫ್ ಮಾಡಿ ಬರುತ್ತೇನೆ.

7:46

ಚೈತ್ರಾ: ಆಫ್ ಮಾಡಿದೆ.