ಪ್ರಶ್ನೆ ಹಾಳೆ: ಸಾಮಾಜಿಕ ಸಂಗತಿ ಎಂದರೇನು?

ಓದಬೇಕಾದ್ದು: ಸಮಾಜಶಾಸ್ತ್ರದ ವಿಧಾನದ ಬಗ್ಗೆ ಎಮಿಲ್ ಡರ್ಖೀಮ್ 1895ರಲ್ಲಿ ಪ್ರಕಟಿಸಿದ ಪುಸ್ತಕದ ಮೊದಲ ಅಧ್ಯಾಯ. ಚಿಕ್ಕದೇ, ಆದರೆ ಬೇಗ ಓದಿ ಮುಗಿಸುವಂಥದ್ದಲ್ಲ.

ಮೊದಲ ಭಾಗದಲ್ಲಿ ನಿಮ್ಮ ಅಭಿಪ್ರಾಯ ಬೇಡ. ಪುಸ್ತಕ ಮುಚ್ಚಿಟ್ಟು, ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ‘ಬಾಹ್ಯ’, ‘ನಿರ್ಬಂಧ’, ‘ಸಾಮೂಹಿಕ’ ಈ ಮೂರು ಪದ ಬಳಸುವಂತಿಲ್ಲ. ಬರೆದದ್ದನ್ನು ಪಕ್ಕದಲ್ಲಿ ಕೂತವರಿಗೆ ಓದಿ ಹೇಳಿ. ಅವರು ಪುಸ್ತಕ ತೆರೆದು ನೋಡಿ, ‘ಹೌದು, ಇದನ್ನೇ ಹೇಳಿದ್ದಾರೆ’ ಅಂತ ಸಹಿ ಹಾಕಬೇಕು. ಆಮೇಲೆ ಎರಡನೇ ಭಾಗ.

ಮೊದಲ ಭಾಗ: ಅವರ ಮಾತು

1. ಊಟ, ನಿದ್ದೆ, ಯೋಚನೆ ಎಲ್ಲರಿಗೂ ಇದ್ದದ್ದೇ. ಇವನ್ನೂ ಸಾಮಾಜಿಕ ಸಂಗತಿ ಅಂದುಬಿಟ್ಟರೆ ಸಮಾಜಶಾಸ್ತ್ರಕ್ಕೆ ಏನು ತೊಂದರೆ?

2. ತಮ್ಮನಾಗಿ, ಗಂಡನಾಗಿ, ನಾಗರಿಕನಾಗಿ ಮಾಡುವ ಕೆಲಸವನ್ನು ಒಬ್ಬ ಮನಸಾರೆ ಮಾಡುತ್ತಾನೆ. ಆದರೂ ಅದು ಅವನಿಂದ ಹುಟ್ಟಿದ್ದಲ್ಲ ಅನ್ನುತ್ತಾರೆ. ಹೇಗೆ?

3. ಮೂವರನ್ನು ನೋಡಿ: ಕಾನೂನು ಮುರಿದವನು, ಎಲ್ಲರಂತೆ ಬಟ್ಟೆ ತೊಡದವನು, ಹಿಂದಿನ ಶತಮಾನದ ವಿಧಾನದಲ್ಲೇ ಕಾರ್ಖಾನೆ ನಡೆಸುವವನು.
(ಅ) ಪ್ರತಿಯೊಬ್ಬನಿಗೂ ಏನಾಗುತ್ತದೆ?
(ಆ) ಮೂರೂ ಒಂದೇ ಜಾತಿಯವು ಅನ್ನಲು ಅವರು ಕೊಡುವ ಕಾರಣವೇನು?
ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ. ಬಲವಂತ ಅಂದರೆ ಶಿಕ್ಷೆ ಮಾತ್ರ ಅಂದುಕೊಂಡವರಿಗೆ ಉಳಿದ ಅಧ್ಯಾಯವೆಲ್ಲ ತಪ್ಪಾಗಿಯೇ ಕಾಣುತ್ತದೆ.

4. ನಮಗೆ ಗೊತ್ತಾಗದಿದ್ದರೂ ಗಾಳಿಗೆ ಭಾರ ಇದ್ದೇ ಇರುತ್ತದೆ ಅನ್ನುತ್ತಾರೆ. ಯಾರ, ಯಾವ ಆಕ್ಷೇಪಕ್ಕೆ ಇದು ಉತ್ತರ? ಮಕ್ಕಳ ಶಿಕ್ಷಣದ ಉದಾಹರಣೆ ಇದರ ಜೊತೆ ಹೇಗೆ ಕೂಡುತ್ತದೆ?

5. ‘ಎಲ್ಲರಲ್ಲೂ ಇದೆ, ಅದಕ್ಕೇ ಸಾಮಾಜಿಕ.’ ‘ಸಾಮಾಜಿಕ, ಅದಕ್ಕೇ ಎಲ್ಲರಲ್ಲೂ ಇದೆ.’ ಇವುಗಳಲ್ಲಿ ಡರ್ಖೀಮ್ ಅವರದು ಯಾವುದು? ಒಬ್ಬರ ಮದುವೆಯ ಕಥೆ ಬಿಟ್ಟು ಮದುವೆಗಳ ಪ್ರಮಾಣವನ್ನು ಅವರು ನೋಡುವುದೇಕೆ ಅಂತಲೂ ಇಲ್ಲೇ ಬರೆಯಿರಿ.

ಎರಡನೇ ಭಾಗ: ನಿಮ್ಮ ತಕರಾರು

ಮೊದಲ ಭಾಗದ ಯಾವ ಉತ್ತರದ ಮೇಲೆ ತಕರಾರು ಅಂತ ಅದರ ಸಂಖ್ಯೆ ಬರೆದೇ ಶುರುಮಾಡಿ. ಸುಮ್ನೆ ‘ಇದು ಹಳೇ ಕಾಲದ್ದು’ ಅಂದರೆ ಅಂಕ ಇಲ್ಲ.

6. ಕಾನೂನು, ನಗೆಪಾಟಲು, ವ್ಯಾಪಾರದ ನಷ್ಟ: ಮೂರನ್ನೂ ಒಂದೇ ಹೆಸರಿನಲ್ಲಿ ಕಟ್ಟಿದಾಗ ಏನು ಮರೆಯಾಗುತ್ತದೆ?

7. ಮ್ಯಾಕ್ಸ್ ವೇಬರ್ ಶುರುಮಾಡುವುದು ವ್ಯಕ್ತಿ ತನ್ನ ಕ್ರಿಯೆಗೆ ಕೊಡುವ ಅರ್ಥದಿಂದ. ನಿಮ್ಮ ಎರಡನೇ ಉತ್ತರವನ್ನು ಅವರು ಯಾವ ವಾಕ್ಯದಲ್ಲಿ ತಡೆದು ನಿಲ್ಲಿಸುತ್ತಿದ್ದರು? ಅದಕ್ಕೆ ಡರ್ಖೀಮ್ ಏನನ್ನಬಹುದು? ಇಬ್ಬರ ಪರವಾಗಿಯೂ ಅಷ್ಟೇ ಗಟ್ಟಿಯಾಗಿ ಬರೆಯಿರಿ.

8. ಈ ಸಂಗತಿಗಳು ನಮಗಿಂತ ಮೊದಲೇ ಇದ್ದು, ನಮ್ಮ ಮೇಲೆ ಒತ್ತಡ ಹಾಕುತ್ತವೆ ಅಂತಾದರೆ, ಅವು ಬದಲಾಗುವುದು ಹೇಗೆ? ಅಧ್ಯಾಯದಲ್ಲಿ ಉತ್ತರದ ಸುಳಿವು ಇದ್ದರೆ ಆ ಸಾಲು ತೋರಿಸಿ. ಇಲ್ಲ ಅನಿಸಿದರೆ, ಎಲ್ಲಿ ಇರಬೇಕಿತ್ತು ಹೇಳಿ.