ತಂದೆಯವರ ದನಿ ಎರಡು ತಿಂಗಳಿಂದ ಬಿದ್ದಿದೆ: ಗಂಟಲು ಪರೀಕ್ಷೆಗಾಗಿ ಕಿವಿ-ಮೂಗು-ಗಂಟಲು ತಜ್ಞರಿಗೆ ಪತ್ರ

ವಿದ್ಯಾನಗರ, ಹುಬ್ಬಳ್ಳಿ
9 ಮಾರ್ಚ್ 2026

ಮಾನ್ಯ ಡಾಕ್ಟರ್ ಅವರಿಗೆ,

ನಮಸ್ಕಾರ. ನಮ್ಮ ತಂದೆ ಬಸವಣ್ಣೆಪ್ಪ, ವಯಸ್ಸು 61, ಊರು ಬ್ಯಾಡಗಿ. ಬುಧವಾರ 11ನೇ ತಾರೀಖು ಮುಂಜಾನೆ 11ಕ್ಕೆ ನಿಮ್ಮಲ್ಲಿ ನಂಬರು ಹಚ್ಚಿದ್ದೇವೆ. ಅವರ ದನಿ ಎರಡು ತಿಂಗಳಿಂದ ಗೊಗ್ಗರಾಗಿದೆ. 44 ವರ್ಷದಿಂದ ಬೀಡಿ ಸೇದುತ್ತಾರೆ. ಅವರ ಸ್ವರತಂತುಗಳನ್ನು ಇಲ್ಲಿಯವರೆಗೆ ಯಾರೂ ಕಣ್ಣಾರೆ ಕಂಡಿಲ್ಲ. ದುರ್ಬೀನು ಹಾಕಿ ನೋಡಬೇಕೆಂದು ಕೇಳಿಕೊಳ್ಳಲು ಈ ಪತ್ರ.

ಎದುರಿಗೆ ಕೂತಾಗ ಅಪ್ಪ ನಿಮಗೆ ಎಲ್ಲ ಹೇಳುವುದಿಲ್ಲ. "ಥಂಡಿ ಹಿಡದಿತ್ರಿ, ಮಾರ್ಕೆಟ್ಟಿನ್ಯಾಗ ಒದರಿ ಒದರಿ ಹಿಂಗಾಗೈತಿ" ಅಂದು ಮುಗಿಸುತ್ತಾರೆ. ಬೀಡಿ ಎಷ್ಟು ಅಂದರೆ "ಹತ್ತು" ಅನ್ನುತ್ತಾರೆ. ಹೆಚ್ಚು ಮಾತಾಡಿದರೆ ದನಿ ಪೂರ್ತಿ ನಿಲ್ಲುತ್ತದೆ, ಅದಕ್ಕೂ ಸಂಕೋಚ. ಆದ್ದರಿಂದ ನಾನು, ಅವ್ವ ಮತ್ತು ತಮ್ಮ ಕೂತು ತಾರೀಖು, ಲೆಕ್ಕ ಹೊಂದಿಸಿ ಬರೆದಿದ್ದೇವೆ. ಒಳಗೆ ಕರೆಯುವ ಮೊದಲು ಎರಡು ನಿಮಿಷ ಇದನ್ನು ಓದಬೇಕೆಂದು ವಿನಂತಿ.

ದನಿ ಕೆಟ್ಟದ್ದು ಸಂಕ್ರಾಂತಿಗೆ ಒಂದು ವಾರ ಮೊದಲು, ಜನವರಿ 7ರ ಸುಮಾರಿಗೆ. ನೆಗಡಿ, ಗಂಟಲು ಕೆರೆತ ಇತ್ತು, ಜ್ವರ ಇರಲಿಲ್ಲ. ನಾಲ್ಕು ದಿನ ದನಿ ಪೂರ್ತಿ ಬಿದ್ದಿತ್ತು. ನೆಗಡಿ ವಾರದಲ್ಲಿ ಹೋಯಿತು, ದನಿ ಮರಳಲಿಲ್ಲ. ಅಂದಿನಿಂದ ಒಂದು ದಿನವಾದರೂ ಮೊದಲಿನ ದನಿ ಬಂದದ್ದಿಲ್ಲ. ಮುಂಜಾನೆ ಹೆಚ್ಚು, ಸಂಜೆ ಕಡಿಮೆ ಅಂತಲೂ ಇಲ್ಲ, ದಿನವಿಡೀ ಒಂದೇ ತರ. ಎರಡು ದಿನ ಮಾತಾಡದೆ ಸುಮ್ಮನೆ ಕೂಡಿಸಿ ನೋಡಿದೆವು, ವ್ಯತ್ಯಾಸ ಆಗಲಿಲ್ಲ. ಮಾತಿನ ಕೊನೆಗೆ ಗಾಳಿ ಸೋರಿದಂತೆ ಕೇಳುತ್ತದೆ.

ಮೊಬೈಲಿನಲ್ಲಿ ಅವರ ದನಿಯನ್ನು ಮೂರು ಸಲ ರೆಕಾರ್ಡ್ ಮಾಡಿದ್ದೇನೆ: ಜನವರಿ 18, ಫೆಬ್ರವರಿ 8, ಮಾರ್ಚ್ 5. ಮೂರರಲ್ಲೂ ಒಂದರಿಂದ ಇಪ್ಪತ್ತರವರೆಗೆ ಎಣಿಸಿದ್ದಾರೆ. ಮೊದಲನೆಯದರಲ್ಲಿ ನಡುವೆ ಒಂದೇ ಸಲ ಉಸಿರು ತಗೊಂಡರು, ಎರಡನೆಯದರಲ್ಲಿ ಎರಡು ಸಲ, ಮಾರ್ಚ್ 5ರಂದು ನಾಲ್ಕು ಸಲ. ಅದೇ ದಿನ ಒಂದೇ ಉಸಿರಿನಲ್ಲಿ "ಆ" ಎಂದು ಎಳೆಯಲು ಹೇಳಿದೆ, 6 ಸೆಕೆಂಡಿಗೆ ನಿಂತಿತು. ಪಕ್ಕದಲ್ಲಿದ್ದ ಅವ್ವ 15 ಸೆಕೆಂಡು ಎಳೆದಳು. ಕುಂದು ಒಂದೇ ಕಡೆಗೆ ಸಾಗುತ್ತಿದೆ ಎನ್ನುವುದೇ ನನ್ನ ಆತಂಕ. ಫೋನು ತರುತ್ತೇನೆ, ಬೇಕಾದರೆ ಕೇಳಿಸುತ್ತೇನೆ.

ಇಷ್ಟರಲ್ಲಿ ಮೂರು ಕಡೆ ತೋರಿಸಿದ್ದೇವೆ. ಜನವರಿ 12ರಂದು ಅಜಿತ್ರೊಮೈಸಿನ್ 500, ಮೂರು ದಿನ. ಜನವರಿ 30ರಂದು ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625, ಐದು ದಿನ, ಜೊತೆಗೆ ಕೆಮ್ಮಿನ ಸಿರಪ್. ಎರಡರಿಂದಲೂ ದನಿಗೆ ಏನೂ ಆಗಲಿಲ್ಲ. ಫೆಬ್ರವರಿ 20ರಂದು ಮೂರನೆಯ ಕಡೆ ನಾಲಿಗೆ ಎಳೆದು ಹಿಡಿದು ಕನ್ನಡಿ ಇಟ್ಟು ನೋಡಲು ಹೋದರು. ಅಪ್ಪನಿಗೆ ಜೋರಾಗಿ ಓಕರಿಕೆ ಬಂತು, ಎರಡು ಸಲ ಪ್ರಯತ್ನಿಸಿ ಬಿಟ್ಟರು. ಸ್ವರತಂತು ಕಾಣಲಿಲ್ಲ, ಆದರೂ ಚೀಟಿಯಲ್ಲಿ "ಗಂಟಲು ಬಾವು" ಎಂದು ಬರೆದು ಪ್ರೆಡ್ನಿಸೊಲೋನ್ ಐದು ದಿನ, ಪ್ಯಾಂಟೊಪ್ರಜೋಲ್ 40 ಎರಡು ವಾರಕ್ಕೆ ಕೊಟ್ಟರು. ಗುಳಿಗೆ ನಡೆದಾಗ ದನಿ ತುಸು ತಿಳಿಯಾಯಿತು. ನಿಲ್ಲಿಸಿದ ನಾಲ್ಕನೆಯ ದಿನಕ್ಕೆ ಮತ್ತೆ ಅದೇ ಗೊಗ್ಗರು, ಈ ಸಲ ಇನ್ನೂ ಭಾರ. ಆ ಐದು ದಿನದಲ್ಲಿ ಊಟದ ನಂತರದ ಸಕ್ಕರೆ 268ಕ್ಕೆ ಏರಿತ್ತು. ಮತ್ತೆ ಅದೇ ಗುಳಿಗೆ ಬರೆಯಬೇಕಾದರೆ ಇದು ನಿಮಗೆ ಗೊತ್ತಿರಲಿ. ಮೂರೂ ಚೀಟಿ ಫೈಲಿನಲ್ಲಿವೆ.

ಇನ್ನು ಬೀಡಿಯ ವಿಷಯ. 17ನೇ ವಯಸ್ಸಿಗೆ ಹಿಡಿದದ್ದು. ಮೊದಲ ಹತ್ತು ವರ್ಷ ದಿನಕ್ಕೆ ಹತ್ತು-ಹನ್ನೆರಡು. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದಿನಕ್ಕೆ ಒಂದು ಕಟ್ಟು, ಅಂದರೆ 25. ಮೆಣಸಿನಕಾಯಿ ಸೀಜನ್ನಿನಲ್ಲಿ ಒಂದೂವರೆ ಕಟ್ಟು. ಕಳೆದ ಮೂರು ವರ್ಷದಿಂದ "ಕಡಿಮೆ ಮಾಡೇನಿ, ಹತ್ತರ ಮ್ಯಾಲೆ ಇಲ್ಲ" ಅನ್ನುತ್ತಾರೆ. ಅವ್ವ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತಗಿಸಿ ನೋಡಿದಳು: ವಾರಕ್ಕೆ ಆರು ಕಟ್ಟು, ಪ್ರತಿ ವಾರವೂ. ಆರು ಕಟ್ಟೆಂದರೆ 150 ಬೀಡಿ, ದಿನಕ್ಕೆ 21. ದಯವಿಟ್ಟು ಈ ಲೆಕ್ಕವನ್ನೇ ಹಿಡಿಯಿರಿ. ಫೆಬ್ರವರಿ ಮಧ್ಯದಿಂದ ಐದಾರಕ್ಕೆ ಇಳಿದಿದೆ. ಬಿಡಬೇಕೆಂಬ ಮನಸ್ಸಿನಿಂದಲ್ಲ, ಹೊಗೆ ಎಳೆದರೆ ಗಂಟಲು ಉರಿಯುತ್ತದೆ ಅಂತ. ಅದಲ್ಲದೆ ಊಟದ ನಂತರ ಎಲೆ-ಅಡಿಕೆಯ ಜೊತೆ ಸುಣ್ಣ, ತಂಬಾಕು ದಿನಕ್ಕೆ ಎರಡು-ಮೂರು ಸಲ, ಎಡ ದವಡೆಯಲ್ಲಿ ಇಟ್ಟುಕೊಳ್ಳುತ್ತಾರೆ. ಬಾಯಿಯ ಆ ಭಾಗವನ್ನೂ ಒಮ್ಮೆ ನೋಡಬೇಕು. ಸೆರೆ ವಾರಕ್ಕೊಮ್ಮೆ, ರವಿವಾರ ಒಂದು ಕ್ವಾರ್ಟರ್, ಸುಮಾರು ಇಪ್ಪತ್ತು ವರ್ಷದಿಂದ. ಇದನ್ನು ಅವರು ನಿಮ್ಮೆದುರು ಒಪ್ಪುವುದಿಲ್ಲ.

ಕೆಲಸ ಬ್ಯಾಡಗಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ, ಚೀಲ ತೂಗಿಸಿ ತೂಕ ಕೂಗಿ ಹೇಳುವುದು. ಮೆಣಸಿನಕಾಯಿ ಧೂಳು ದಿನಕ್ಕೆ ಎಂಟು-ಹತ್ತು ತಾಸು. ಮುಖಕ್ಕೆ ಟವೆಲ್ ಸುತ್ತಿಕೊಳ್ಳುತ್ತಾರೆ, ಆದರೆ ಕೂಗುವಾಗ ಸರಿಸುತ್ತಾರೆ. ಸಾಹುಕಾರರು ಮಾರ್ಚ್ 1ರಿಂದ ಕೂಗುವ ಕೆಲಸ ಬಿಡಿಸಿ ಲೆಕ್ಕ ಬರೆಯಲು ಕೂಡಿಸಿದ್ದಾರೆ. ಆದರೂ ಹತ್ತಿರದವರ ಜೊತೆ ಪಿಸುಮಾತಿನಲ್ಲಿ ಮಾತಾಡುತ್ತಲೇ ಇರುತ್ತಾರೆ. ಪಿಸುಗುಟ್ಟಿದರೂ ಗಂಟಲಿಗೆ ಶ್ರಮವೇ ಎಂದು ನಾವು ಹೇಳಿದರೆ ನಂಬುವುದಿಲ್ಲ, ನೀವು ಒಂದು ಮಾತು ಹೇಳಿ.

ಬೇರೆ ತೊಂದರೆಗಳಲ್ಲಿ ನನಗೆ ಹೆಚ್ಚು ಕಾಡುವುದು ಬಲಗಿವಿ ನೋವು. ಮೂರು ವಾರದಿಂದ ಇದೆ, ನುಂಗುವಾಗ ಹೆಚ್ಚು. ಕಡ್ಡಿಗೆ ಹತ್ತಿ ಸುತ್ತಿ ಕಿವಿ ತಿಕ್ಕುತ್ತಾರೆ, ಡ್ರಾಪ್ಸ್ ಹಾಕಿಸಿದೆವು. ಕಿವಿ ನೋಡಿದ ಡಾಕ್ಟರು ಒಳಗೆ ಸ್ವಚ್ಛವಿದೆ, ಪರದೆ ಸರಿಯಿದೆ ಅಂದರು. ನೋವು ಮಾತ್ರ ಹೋಗಿಲ್ಲ. ಎರಡನೆಯದು ಊಟ. ಹತ್ತು ದಿನದಿಂದ ಕಟಕ ರೊಟ್ಟಿ ಬಿಟ್ಟಿದ್ದಾರೆ. ಮೆತ್ತನೆಯ ರೊಟ್ಟಿಯನ್ನೂ ಸಾರಿನಲ್ಲಿ ನೆನೆಸಿ, ಪ್ರತಿ ತುತ್ತಿಗೂ ಮಜ್ಜಿಗೆ ಕುಡಿದು ಇಳಿಸುತ್ತಾರೆ. "ಇಲ್ಲೇ ಏನೋ ಸಿಕ್ಕಂಗ ಆಗ್ತೈತಿ" ಎಂದು ಗಂಟಲಮಣಿಯ ಬಲಕ್ಕೆ ಬೆರಳಿಟ್ಟು ತೋರಿಸುತ್ತಾರೆ. ನೀರು ಕುಡಿಯುವಾಗ ನೆತ್ತಿಗೇರುವುದಿಲ್ಲ. ನವೆಂಬರಿನಲ್ಲಿ 62 ಕೆ.ಜಿ. ಇದ್ದರು, ಮಾರ್ಚ್ 4ರಂದು 58.5. ಕುತ್ತಿಗೆ ನಾನು ಮುಟ್ಟಿ ನೋಡಿದೆ, ಗಂಟು ಸಿಗಲಿಲ್ಲ. ಆದರೆ ನನ್ನ ಕೈಗೆ ಗೊತ್ತಾಗುವಷ್ಟು ಅನುಭವವಿಲ್ಲ. ಕೆಮ್ಮು ಹಳೆಯದು, ಮುಂಜಾನೆ ಬಿಳಿ ಕಫ, ರಕ್ತ ಕಂಡಿಲ್ಲ. ರಾತ್ರಿ ಬೆವರು, ಸಂಜೆ ಜ್ವರ ಇಲ್ಲ. ಕಫ ಪರೀಕ್ಷೆ, ಎದೆಯ ಎಕ್ಸ್‌ರೇ ಎರಡೂ ಆಗಿಲ್ಲ. ಸದ್ಯ ಉಸಿರಾಟದಲ್ಲಿ ಸದ್ದಿಲ್ಲ, ಮಲಗಿದರೆ ಕಟ್ಟಿದಂತಾಗುವುದಿಲ್ಲ.

ನಡೆಯುತ್ತಿರುವ ಔಷಧಿ: ಮೆಟ್‌ಫಾರ್ಮಿನ್ 500 ಎರಡು ಹೊತ್ತು, ಆಮ್ಲೋಡಿಪಿನ್ 5 ಮುಂಜಾನೆ, ಆಸ್ಪಿರಿನ್ 75 ರಾತ್ರಿ. ಇವಲ್ಲದೆ 2023ರಿಂದ ಬುಡೆಸೊನೈಡ್-ಫಾರ್ಮೊಟೆರಾಲ್ ಇನ್‌ಹೇಲರ್ ದಿನಕ್ಕೆ ಎರಡು ಸಲ. ಎಳೆದ ಮೇಲೆ ಬಾಯಿ ಮುಕ್ಕಳಿಸುವ ರೂಢಿ ಅವರಿಗಿಲ್ಲ. ಅದರಿಂದ ಗಂಟಲಿಗೆ ಬೂಷ್ಟು ಹಿಡಿದಿರಬಹುದೇ ಎಂದು ನೋಡುತ್ತೀರೆಂದು ಬರೆದೆ. ಜನವರಿಯ ಎಚ್‌ಬಿಎ1ಸಿ 7.4. ಥೈರಾಯ್ಡ್ ಪರೀಕ್ಷೆ ಆಗಿಲ್ಲ. ಡೈಕ್ಲೋಫೆನಾಕ್ ಇಂಜೆಕ್ಷನ್ನಿಗೆ ಒಮ್ಮೆ ಮೈಮೇಲೆ ದದ್ದು ಎದ್ದಿತ್ತು, ಬೇರೆ ಅಲರ್ಜಿ ಗೊತ್ತಿಲ್ಲ. ಮೇಲಿನ ಮುಂದಿನ ಎರಡು ಹಲ್ಲು ಅಲುಗಾಡುತ್ತವೆ.

ಕನ್ನಡಿಗೆ ಓಕರಿಕೆ ಬಂದದ್ದರಿಂದ, ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದು ಮೂಗಿನ ಮೂಲಕ ಬಾಗುವ ದುರ್ಬೀನು ಹಾಕಿದರೆ ಅವರು ತಡೆದುಕೊಳ್ಳುತ್ತಾರೆ ಎನ್ನಿಸುತ್ತದೆ. ಬಲ ಹೊರಳೆ ಮೊದಲಿನಿಂದ ಕಟ್ಟಿರುತ್ತದೆ, ಎಡಗಡೆ ಸರಾಗ. ಎರಡೂ ಸ್ವರತಂತು ಸರಿಯಾಗಿ ಕೂಡುತ್ತವೆಯೋ, ಒಂದು ಕಡೆಯದು ಅಲುಗದೆ ನಿಂತಿದೆಯೋ, ಮೇಲೆ ಬಿಳಿ ಮಚ್ಚೆ, ಗಂಟು, ಹುಣ್ಣು ಇದೆಯೋ, ಇವು ನೋಡಿದ ದಿನವೇ ತಿಳಿದರೆ ಸಾಕು. ವಿಡಿಯೋ ಇಟ್ಟರೆ ಅದರ ಪ್ರತಿಯೂ ಬೇಕು. ಅಂದು ಮುಂಜಾನೆ 7ಕ್ಕೆ ಉಪ್ಪಿಟ್ಟು, ಮೆಟ್‌ಫಾರ್ಮಿನ್ ಕೊಟ್ಟು ಆಮೇಲೆ ಏನೂ ತಿನ್ನಿಸದೆ ಕರೆತರುತ್ತೇವೆ. ಬೇರೆ ರೀತಿ ಇರಬೇಕಿದ್ದರೆ ಈ ಪತ್ರ ತಂದ ತಮ್ಮನಿಗೆ ಹೇಳಿ ಕಳಿಸಿ. ಸಕ್ಕರೆ ಇಳಿದರೆಂದು ಚೀಲದಲ್ಲಿ ಬೆಲ್ಲ ಇಟ್ಟಿರುತ್ತೇನೆ.

ಸಂಶಯದ ಜಾಗ ಕಂಡರೆ ತುಣುಕು ತೆಗೆದು ಪರೀಕ್ಷೆಗೆ ಕಳಿಸಲು ನಾವು ಸಿದ್ಧ. ಆಸ್ಪಿರಿನ್ ನಿಲ್ಲಿಸಬೇಕೋ, ಎಷ್ಟು ದಿನ, ಅದನ್ನು ಬರೆದುಕೊಡಿ, ನಾವಾಗಿ ನಿಲ್ಲಿಸಿಲ್ಲ. ಬಣ್ಣದ ಔಷಧಿ ಕೊಟ್ಟು ಸಿ.ಟಿ. ಮಾಡಿಸಬೇಕಾದರೆ ಕ್ರಿಯಾಟಿನಿನ್ ಮುಂಚೆಯೇ ಮಾಡಿಸಿ ತರುತ್ತೇವೆ, ಮೆಟ್‌ಫಾರ್ಮಿನ್ ಬಗ್ಗೆಯೂ ಆಗಲೇ ಹೇಳಿ. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಮುಂದಿನ ಚಿಕಿತ್ಸೆ ಆಗಬೇಕಾದರೆ ಸರಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ. ನೀವು ಕಂಡದ್ದನ್ನು ಅಂದೇ ಚೀಟಿಯಲ್ಲಿ ಬರೆದುಕೊಟ್ಟರೆ ತಮ್ಮ ಮರುದಿನವೇ ಹಾವೇರಿ ಜಿಲ್ಲಾ ಆಸ್ಪತ್ರೆಗೆ ಹೋಗುತ್ತಾನೆ. ಕಿಮ್ಸಿಗೆ ಅಥವಾ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕೆಂದರೆ ಅಪ್ಪ ನನ್ನ ಮನೆಯಲ್ಲೇ ಉಳಿಯುತ್ತಾರೆ, ತಿರುಗಾಟದ ತೊಂದರೆಯಿಲ್ಲ.

ಏನೂ ಇಲ್ಲ, ಬರೀ ಬಾವು ಎಂದಾದರೆ ನಮಗಿಂತ ಸಂತೋಷಪಡುವವರು ಬೇರೆ ಇಲ್ಲ. ಆಗಲೂ ಮತ್ತೆ ಯಾವ ದಿನ ದುರ್ಬೀನು ಹಾಕಿ ನೋಡಬೇಕೆಂದು ತಾರೀಖು ಹಾಕಿಕೊಡಿ. ಇಲ್ಲದಿದ್ದರೆ ಅಪ್ಪ ತಿರುಗಿ ಬರುವುದಿಲ್ಲ. "ಸೀಜನ್ ಮುಗೀಲಿ ಬಿಡವಾ, ಯುಗಾದಿ ಆದ ಮ್ಯಾಲೆ ನೋಡೂಣು" ಅನ್ನುವುದನ್ನು ಒಂದು ತಿಂಗಳಿಂದ ಕೇಳುತ್ತಿದ್ದೇನೆ. ಮನೆಯಲ್ಲಿ ಯಾವ ಲಕ್ಷಣ ಕಂಡರೆ ರಾತ್ರಿಯಾದರೂ ಓಡಿಬರಬೇಕು, ಉಸಿರಿನಲ್ಲಿ ಸೊರ್ ಎಂಬ ಸದ್ದೇ, ಬೇರೆ ಏನಾದರೂ ಇದೆಯೇ, ಅದನ್ನೂ ಹೇಳಿಕೊಡಿ.

ಕೊನೆಗೆ ಒಂದು ಮಾತು. ಏನೇ ಕಂಡರೂ ನನ್ನನ್ನು ಹೊರಗೆ ಕರೆದು ಹೇಳುವುದು ಬೇಡ, ಅಪ್ಪನಿಗೇ ಹೇಳಿ, ನಾವು ಪಕ್ಕದಲ್ಲಿರುತ್ತೇವೆ. ಅವರಿಗೆ ಓದು ಬರಹ ಬರುತ್ತದೆ, ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಚುರುಕು. ಮುಚ್ಚಿಟ್ಟದ್ದು ಗೊತ್ತಾದರೆ ಔಷಧಿಯನ್ನೇ ಬಿಡುವ ಸ್ವಭಾವ. ಬೀಡಿ ಬಿಡುವ ಮಾತನ್ನು ನೀವೇ ಆಡಬೇಕು; ಬಿಟ್ಟಾಗ ಚಡಪಡಿಕೆ ತಡೆಯಲು ನಿಕೋಟಿನ್ ಗಮ್ ಅವರಿಗೆ ಹೊಂದುತ್ತದೆಯೇ ಹೇಳಿದರೆ ಅಂದೇ ತರುತ್ತೇನೆ.

ಈ ಪತ್ರವನ್ನು ಅಪ್ಪನಿಗೆ ಓದಿ ತೋರಿಸಿದ್ದೇನೆ. ಉದ್ರಿ ಪುಸ್ತಕದ ಲೆಕ್ಕ ಬಂದಾಗ ಸುಮ್ಮನಾದರು, ತೆಗೆದುಹಾಕು ಎನ್ನಲಿಲ್ಲ.

ತಮ್ಮ ವಿಶ್ವಾಸಿ,
ಸಾವಿತ್ರಿ
(ಬಸವಣ್ಣೆಪ್ಪನವರ ಮಗಳು)

ಜೊತೆಗೆ: ಮೂರು ಹಳೆಯ ಚೀಟಿ, ಜನವರಿಯ ರಕ್ತ ಪರೀಕ್ಷೆಯ ವರದಿ, ಇನ್‌ಹೇಲರ್ ಡಬ್ಬಿಯ ಮೇಲಿನ ಚೀಟಿ, ಬಿಪಿಎಲ್ ಕಾರ್ಡಿನ ಜೆರಾಕ್ಸ್.