ತೆಲುಗು ತಪ್ಪುಗಳ ಖಾತೆ: 24ನೇ ಅಭ್ಯಾಸಕ್ಕೆ

ನನ್ನ ತೆಲುಗು ಮಾತಿನ ಅಭ್ಯಾಸಕ್ಕೆ ಪ್ರತಿ ಸಲ ಬೇರೆಬೇರೆಯವರು ಸಿಗುವುದರಿಂದ ಕರೆ ಶುರುವಾಗುವ ಮೊದಲೇ ಇದನ್ನು ವಾಟ್ಸಾಪಿಗೆ ಹಾಕುತ್ತಿದ್ದೇನೆ. ಓದಲು ಐದಾರು ನಿಮಿಷ ಸಾಕು. ಪೂರ್ತಿ ಓದಲು ಬಿಡುವಿಲ್ಲದಿದ್ದರೆ "ಈಗ ಕಾಡುತ್ತಿರುವ ತಪ್ಪುಗಳು" ಅನ್ನುವ ಭಾಗ ಮಾತ್ರ ನೋಡಿಕೊಳ್ಳಿ.

ಊರು ಹಾವೇರಿ ಕಡೆ, ಈಗ ಬಾಗೇಪಲ್ಲಿಯ ಬ್ಯಾಂಕೊಂದರಲ್ಲಿ ಕೌಂಟರ್ ಕೆಲಸ. ಬರುವವರಲ್ಲಿ ತುಂಬಾ ಜನ ಮನೆಯಲ್ಲಿ ತೆಲುಗು ಆಡುವವರು. ಕನ್ನಡದಲ್ಲೇ ಕೆಲಸ ನಡೆಯುತ್ತದೆ. ಆದರೆ ವಯಸ್ಸಾದವರು ಬಡ್ಡಿ ಲೆಕ್ಕ, ಒಡವೆ ಸಾಲದ ಗಡುವು ಕೇಳುವಾಗ ತೆಲುಗಿಗೆ ಹೊರಳುತ್ತಾರೆ. ಕಲಿಯುತ್ತಿರುವುದು ಅದಕ್ಕೆ. ತೆಲುಗು ಲಿಪಿಯನ್ನು ನಿಧಾನಕ್ಕೆ ಓದಬಲ್ಲೆ, ಬರೆಯಲು ಬರುವುದಿಲ್ಲ. ಹಾಗಾಗಿ ಇಲ್ಲಿ ಎಲ್ಲವೂ ಕನ್ನಡ ಲಿಪಿಯಲ್ಲಿದೆ.

ನಿಮ್ಮಲ್ಲಿ ಕೇಳಿಕೊಳ್ಳುವುದು

ಮೊದಲ 20 ನಿಮಿಷ ತೆಲುಗು ಮಾತ್ರ. ನಾನು ತಡವರಿಸಿದರೆ ಮನಸ್ಸಿನಲ್ಲೇ ಐದು ಎಣಿಸಿ, ಆಮೇಲೆ ಮೊದಲ ಪದ ಮಾತ್ರ ಹೇಳಿಕೊಡಿ. ತಕ್ಷಣ ಕನ್ನಡಕ್ಕೆ ಬರಬೇಡಿ. ನೀವು ಬಂದರೆ ನಾನೂ ಬಂದುಬಿಡುತ್ತೇನೆ. ತಪ್ಪನ್ನು ನಡುವೆ ತಡೆಯದೆ, ನನ್ನ ವಾಕ್ಯ ಮುಗಿದ ಮೇಲೆ ಅದನ್ನೇ ಸರಿಯಾಗಿ ಒಮ್ಮೆ ಹೇಳಿ. ನಾನು ಮರುನುಡಿಯುತ್ತೇನೆ. ಕೊನೆಯ 10 ನಿಮಿಷ ಕನ್ನಡದಲ್ಲಿ "ಯಾಕೆ" ಅನ್ನುವುದನ್ನು ಮಾತಾಡೋಣ. ಒಂದು ಸಲಕ್ಕೆ ಐದು ತಿದ್ದುಪಡಿ ಸಾಕು. 17ನೇ ಅಭ್ಯಾಸದಲ್ಲಿ ಹದಿನಾಲ್ಕು ಬರೆದುಕೊಂಡೆ, ಮುಂದಿನ ವಾರಕ್ಕೆ ನೆನಪಿದ್ದದ್ದು ಎರಡು.

ಪುಸ್ತಕದ ತೆಲುಗು ಬೇಡ. ಪುಸ್ತಕದಲ್ಲಿ "ವಚ್ಚಾನು", ಕೌಂಟರಿನಲ್ಲಿ ಕಿವಿಗೆ ಬೀಳುವುದು "ವಚ್ಚಿನಾನು". ಪುಸ್ತಕದಲ್ಲಿ "ಎಕ್ಕಡ", ಇಲ್ಲಿ "ಯಾಡ". ಪುಸ್ತಕದಲ್ಲಿ "ಉಂದಿ", ಇಲ್ಲಿ "ಉಂಡಾದಿ". ನಿಮ್ಮ ಮನೆಯಲ್ಲಿ ಹೇಗೋ ಹಾಗೇ ಮಾತಾಡಿ. ನಾನು ಪುಸ್ತಕದ ರೂಪ ಬಳಸಿದರೆ ಅದನ್ನು ತಪ್ಪೆಂದು ಎಣಿಸುವುದು ಬೇಡ, ನಿಮ್ಮ ರೂಪವನ್ನು ಪಕ್ಕದಲ್ಲಿ ಹೇಳಿದರೆ ಸಾಕು.

ಈಗ ಕಾಡುತ್ತಿರುವ ತಪ್ಪುಗಳು

ಪಕ್ಕದ ಅಂಕಿ ಕಳೆದ ಐದು ಅಭ್ಯಾಸಗಳಲ್ಲಿ ಎಷ್ಟು ಸಲ ತಪ್ಪಿತು ಅನ್ನುವುದು. ಸತತ ಮೂರು ಅಭ್ಯಾಸದಲ್ಲಿ ತಪ್ಪದಿದ್ದರೆ "ತೀರಿದ ಬಾಕಿ"ಗೆ ಹೋಗುತ್ತದೆ.

ಮನಮು / ಮೇಮು (9). ಇದು ಎಲ್ಲಕ್ಕಿಂತ ಹಟಮಾರಿ. ಕನ್ನಡದ "ನಾವು" ತೆಲುಗಿನಲ್ಲಿ ಎರಡಾಗುತ್ತದೆ. ಎದುರಿಗಿರುವವರನ್ನೂ ಸೇರಿಸಿಕೊಂಡರೆ ಮನಮು, ಅವರನ್ನು ಬಿಟ್ಟರೆ ಮೇಮು.
ನಾನು ಅಂದದ್ದು: ಮನಮು ಅಪ್ಪು ಇಸ್ತಾಮು.
ಸರಿ: ಮೇಮು ಅಪ್ಪು ಇಸ್ತಾಮು, ಮೀರು ಕಟ್ಟಾಲಿ.
ಮೊದಲಿನದರ ಅರ್ಥ, ಸಾಲ ಕೇಳಲು ಬಂದವರೂ ನಾನೂ ಸೇರಿ ಸಾಲ ಕೊಡುತ್ತೇವೆ ಅಂತ. "ಮನಮು ಕಟ್ಟಾಲಿ" ಅಂದರಂತೂ ಅವರ ಕಂತಿನಲ್ಲಿ ನನಗೂ ಪಾಲು ಬಂತು. "ನಮ್ಮ"ಗೂ ಇದೇ ಗತಿ: ಮಾ ಆಫೀಸರು, ಮಾ ಅಮ್ಮ (ನಿಮಗೆ ಸಂಬಂಧವಿಲ್ಲ), ಮನ ಊರು (ನಿಮ್ಮದೂ ನನ್ನದೂ). ಗಿರಾಕಿಗೆ "ಮನ ಬ್ಯಾಂಕು" ಅನ್ನುವುದು ತಪ್ಪಲ್ಲ, ಆಪ್ತವಾಗಿಯೇ ಕೇಳುತ್ತದೆ. ನನ್ನ ತೊಡಕು ಕ್ರಿಯಾಪದ ಬಂದಾಗ. ಒಟ್ಟಿಗೆ ಮಾಡುವ ಕೆಲಸಕ್ಕೆ ಮನಮು ಸರಿ: "ಮನಮು ಮ್ಯಾನೇಜರ್ ದಗ್ಗರಿಕಿ ಪೋದಾಂ."
ಇವತ್ತು ನಾನು "ಮನಮು" ಅಂದಾಗಲೆಲ್ಲ "ನೇನು ಕೂಡಾನಾ?" ಅಂತ ಕೇಳಿ. ಉತ್ತರ ಹೇಳಲು ಹೋದಾಗ ನನಗೇ ತಪ್ಪು ಗೊತ್ತಾಗುತ್ತದೆ.

ಇಲ್ಲ, ಅಲ್ಲ, ಕೊಡಲ್ಲ (7). ಅಲ್ಲ = ಕಾದು, ಇಲ್ಲ = ಲೇದು. ಇಷ್ಟು ಗಟ್ಟಿಯಾಗಿದೆ. ತಪ್ಪುವುದು ಕ್ರಿಯಾಪದಕ್ಕೆ ಅಂಟಿಸುವಾಗ.
ನಾನು ಅಂದದ್ದು: ಆಯನ ವಚ್ಚಿ ಲೇದು. ಸರಿ: ಆಯನ ರಾಲೇದು.
ನಾನು ಅಂದದ್ದು: ಸಂತಕಂ ಪೆಟ್ಟಿ ಲೇದು. ಸರಿ: ಸಂತಕಂ ಪೆಟ್ಟಲೇದು.
"ಬಂದಿಲ್ಲ" ಅನ್ನುವುದನ್ನು ಬಂದು+ಇಲ್ಲ ಅಂತ ಒಡೆದು ಹಾಗೇ ತೆಲುಗಿಗೆ ಸುರಿಯುತ್ತಿದ್ದೇನೆ. ತೆಲುಗಿನ ಲೇದು "ವಚ್ಚಿ"ಗೆ ಹತ್ತುವುದಿಲ್ಲ, ರಾ, ಇವ್ವ, ಚೇಯ, ಪೆಟ್ಟ ಇವಕ್ಕೆ ಹತ್ತುತ್ತದೆ. ಇನ್ನು "ಕೊಡಲ್ಲ" ಬೇರೆಯೇ ದಾರಿ. ಅಲ್ಲಿ ಲೇದು ಬರುವುದೇ ಇಲ್ಲ: ನೇನು ಇವ್ವನು, ಮೇಮು ಇವ್ವಮು, ಮೀರು ಇವ್ವರು, ಆಮೆ ಇವ್ವದು. ನೆನಪಿಗೆ ಹಳೆಯ ಕನ್ನಡದ "ಕೊಡೆನು, ಕೊಡೆವು, ಕೊಡರು" ಇಟ್ಟುಕೊಂಡಿದ್ದೇನೆ. ಅದೇ ಅಚ್ಚು. ನಾವು ಬಿಟ್ಟುಕೊಟ್ಟದ್ದು ಅವರ ಬಾಯಲ್ಲಿ ದಿನವೂ ಓಡಾಡುತ್ತಿದೆ.

ಮೊತ್ತ ಕೇಳಿಸಿಕೊಳ್ಳುವುದು (6). ಹೇಳುವಾಗ ಸರಿ, ಕೇಳುವಾಗ ತಪ್ಪು. ಫ್ಯಾನಿನ ಸದ್ದಿನಲ್ಲಿ ಇರವೈ (20), ಅರವೈ (60) ಎರಡೂ ಒಂದೇ. ನಮ್ಮ ಇಪ್ಪತ್ತು-ಅರವತ್ತು ಹೀಗೆ ಹತ್ತಿರ ಬರುವುದಿಲ್ಲ, ಅದಕ್ಕೇ ಕಿವಿ ಎಚ್ಚರವಾಗಿರುವುದಿಲ್ಲ. ಅದಕ್ಕಿಂತ ಅಪಾಯ ಪದಿಹೇನು (15), ಪದಿಹೇಡು (17). ವ್ಯತ್ಯಾಸ ಕೊನೆಯ ಅಕ್ಷರದಲ್ಲಿ ಮಾತ್ರ, ಅದನ್ನೇ ಜನ ನುಂಗುತ್ತಾರೆ. 70 ಡೆಬ್ಬೈ, 80 ಎನಭೈ, 90 ತೊಂಭೈ ಈಗ ಸರಿಹೋಗಿವೆ.
ಪರಿಹಾರ: "ಇರವೈ ವೇಲಾ, ಅರವೈ ವೇಲಾ?" ಎಂದು ಕೇಳಿ, ಅಂಕಿಯಲ್ಲಿ ಬರೆದು ತೋರಿಸಿದ ಮೇಲೆಯೇ ಚೀಟಿ ಮುಂದಕ್ಕೆ.
ನೀವು ಇವತ್ತು ಹತ್ತು ಮೊತ್ತ ಬೇಗಬೇಗ ಹೇಳಿ, ನಾನು ಬರೆದು ಫೋಟೋ ಕಳಿಸುತ್ತೇನೆ. ಕನಿಷ್ಠ ನಾಲ್ಕರಲ್ಲಿ 15, 17, 20, 60 ಇರಲಿ. ಮಾದರಿ: 17,560 = ಪದಿಹೇಡು ವೇಲ ಅಯಿದು ವಂದಲ ಅರವೈ ರೂಪಾಯಲು.

ಹೆಂಗಸರಿಗೆ ಕ್ರಿಯಾಪದ (4). ಬಂದಳು ಅನ್ನಲು "ವಚ್ಚಾಳು" ಅಂತ ಇಲ್ಲದ ಪದ ಹುಟ್ಟಿಸುತ್ತೇನೆ. ಸರಿ: ಆಮೆ ವಚ್ಚಿಂದಿ. ಹಿರಿಯರಾದರೆ ವಚ್ಚಾರು. "ವಚ್ಚಿಂದಿ" ನನ್ನ ಕಿವಿಗೆ "ಬಂತು" ಅಂದ ಹಾಗೆ ಕೇಳಿ ನಾಲಿಗೆ ಹಿಂಜರಿಯುತ್ತದೆ. ತೆಲುಗಿನಲ್ಲಿ ಅದು ಅಗೌರವವಲ್ಲ, ಹಣ ಬಂದರೂ ಹುಡುಗಿ ಬಂದರೂ ಒಂದೇ ರೂಪ. ಸಂದೇಹವಿದ್ದರೆ -ಆರು ಹಾಕುವುದು ಕ್ಷೇಮ.

ಎಷ್ಟು (3). ಹಣಕ್ಕೆ ಎಂತ, ವಸ್ತುಗಳಿಗೆ ಎನ್ನಿ, ಜನಕ್ಕೆ ಎಂತಮಂದಿ. ಜನರನ್ನು ಎಣಿಸುವಾಗ ರೆಂಡು-ಮೂಡು ಬೇಡ: ಇದ್ದರು, ಮುಗ್ಗುರು, ನಲುಗುರು. "ಮೀಕು ಎಂತಮಂದಿ ಪಿಲ್ಲಲು?" "ಮುಗ್ಗುರು."

ಇಲ್ಲುಕಿ (2). ಸರಿ: ಇಂಟಿಕಿ. ಹಾಗೆಯೇ ಪೊಲಂ, ಪೊಲಾನಿಕಿ.

ಮೋಸದ ಪದಗಳು

ಕೇಳಲು ಕನ್ನಡ, ಅರ್ಥ ಬೇರೆ. ಇವನ್ನು ಪಟ್ಟಿಯಾಗಿ ಉರುಹಾಕಿ ಫಲವಿಲ್ಲ, ವಾಕ್ಯದಲ್ಲೇ ಬರಬೇಕು. ದಯವಿಟ್ಟು ಮಾತಿನ ನಡುವೆ ತೂರಿಸಿ.

ಚಾಲು = ಸಾಕು. ನಮ್ಮ ಕಡೆ "ಚಾಲೂ ಮಾಡು" ಅಂದರೆ ಶುರುಮಾಡು. ಅವರು "ಚಾಲು, ಚಾಲು" ಅಂದಾಗ ನಾನು ಇನ್ನೂ ಎಣಿಸುತ್ತಲೇ ಇರುತ್ತೇನೆ.
ಅವ್ವ = ಅಜ್ಜಿ. ಹಾವೇರಿಯಲ್ಲಿ ತಾಯಿ. ನಲವತ್ತರ ಹೆಂಗಸಿಗೆ "ಅವ್ವಾ" ಅಂದರೆ ಮುಖ ಗಂಟಾಗುತ್ತದೆ. ಅಮ್ಮಾ ಅಥವಾ ಅಕ್ಕಾ ಅನ್ನಬೇಕು. ಗಂಡಸರಿಗೆ ಅನ್ನಾ. ಬಹಳ ಹಿರಿಯರಿಗೆ ತಾತಾ (ಕೈವಾರ ತಾತಯ್ಯ ಅನ್ನುವಾಗಿನ ತಾತ).
ಅನ್ನ = ಅಣ್ಣ. ಊಟದ್ದು ಅನ್ನಂ. ಕೊನೆಯ ಅನುಸ್ವಾರ ನುಂಗಿದರೆ ಅಣ್ಣನನ್ನು ತಿಂದಂತಾಗುತ್ತದೆ.
ನಿನ್ನ = ನಿನ್ನೆ. ತಾಗು = ಕುಡಿ. ಪೆಟ್ಟು = ಇಡು, ಹಾಕು. ಅಪ್ಪು = ಸಾಲ. ಎಲಾ = ಹೇಗೆ. ಚೆಲ್ಲಿ = ತಂಗಿ.
ತಲುಪು = ಬಾಗಿಲು, ಕದಾ = ಅಲ್ವಾ. ಕದ ಅಂದರೆ ಬಾಗಿಲಲ್ಲ, ತಲುಪು ಅಂದರೆ ಮುಟ್ಟುವುದಲ್ಲ. ಇವೆರಡನ್ನೂ ಜೋಡಿಯಾಗಿ ಕಲಿತರೆ ಮರೆಯುವುದಿಲ್ಲ.
ಪಾಲು = ಹಾಲು. "ಪಾಲ ಡಬ್ಬು ವಚ್ಚಿಂದಾ?" ಅಂದರೆ ಡೇರಿ ಹಣ ಜಮೆಯಾಯಿತೇ ಅಂತ. ಆಸ್ತಿ ಪಾಲಿನ ಹಣ ಅಂದುಕೊಂಡು ಹುಡುಕಬಾರದು.
ಎರ್ರಗಡ್ಡ = ಈರುಳ್ಳಿ, ತೆಲ್ಲಗಡ್ಡ = ಬೆಳ್ಳುಳ್ಳಿ. ಮುಖದ ಗಡ್ಡಕ್ಕೆ ಗಡ್ಡಂ.
ಮಳ್ಳೀ ರಂಡಿ = ಮತ್ತೆ ಬನ್ನಿ. ಎರಡು ಪದವೂ ಕನ್ನಡದ ಕಿವಿಗೆ ಬೈಗುಳ, ಹಾಗಾಗಿ ಗಿರಾಕಿಗೆ ಹೇಳಲು ಧೈರ್ಯ ಸಾಲದೆ ಕೈಮುಗಿದು ಸುಮ್ಮನಾಗುತ್ತೇನೆ. ಹೇಳಿಸಿ. ಪ್ರತಿ ಅಭ್ಯಾಸ ಈ ಮಾತಿನಿಂದಲೇ ಮುಗಿಯಲಿ.

ಊಹೆಯ ಸೂತ್ರ, ಅದರ ಮಿತಿ

ಕನ್ನಡದ ಹ ತೆಲುಗಿನಲ್ಲಿ ಪ: ಹೂವು-ಪೂವು, ಹೊಲ-ಪೊಲಂ, ಹುಲಿ-ಪುಲಿ. ಬ ಇದ್ದಲ್ಲಿ ವ: ಬಡ್ಡಿ-ವಡ್ಡೀ, ಬೆಲೆ-ವೆಲ, ಬೆಣ್ಣೆ-ವೆನ್ನ. ಕೆ, ಕಿ ಇದ್ದಲ್ಲಿ ಚ: ಕೆರೆ-ಚೆರುವು, ಕಿವಿ-ಚೆವಿ. ಕೇಳಿದ್ದನ್ನು ಅರ್ಥಮಾಡಿಕೊಳ್ಳಲು ಇದು ಬಲು ಉಪಯೋಗ, ಹೇಳಲು ಬಳಸಿದರೆ ಕೈಕೊಡುತ್ತದೆ. ಹಣಕ್ಕೆ "ಪಣಂ" ಅಂದೆ, ಅದು ಜೂಜಿನ ಪಣ. ಡಬ್ಬು ಅನ್ನಬೇಕಿತ್ತು. ಹಸು "ಪಸು" ಅಲ್ಲ, ಆವು. ಸೂತ್ರದಿಂದ ಹುಟ್ಟಿಸಿದ ಪದ ಬಂದರೆ ನಕ್ಕುಬಿಡಿ, ತಪ್ಪು ಬೇಗ ಅಂಟುತ್ತದೆ.

ತೀರಿದ ಬಾಕಿ

ರಾಯಂಡಿ (ಬರೆಯಿರಿ), ಚೂಪಿಂಚಂಡಿ (ತೋರಿಸಿ), ಕೂರ್ಚೋಂಡಿ. ವೇಲಿಮುದ್ರ ವೇಯಂಡಿ (ಹೆಬ್ಬೆಟ್ಟು ಒತ್ತಿ). ಕಾವಾಲಿ, ವದ್ದು. ನಾಕು ತೆಲುಗು ರಾದು (ತೆಲುಗು ಬರಲ್ಲ), ನಾಕು ತೆಲೀದು (ಗೊತ್ತಿಲ್ಲ). ಇವುಗಳ ಬಗ್ಗೆ ಸಮಯ ಕಳೆಯುವುದು ಬೇಡ. ನಾಲ್ಕು ಅಭ್ಯಾಸಕ್ಕೊಮ್ಮೆ ನಾನೇ ತಿರುಗಿ ಪರೀಕ್ಷಿಸುತ್ತೇನೆ. ಮತ್ತೆ ತಪ್ಪಿದರೆ ಮೇಲಿನ ಪಟ್ಟಿಗೆ ವಾಪಸ್.

ಇವತ್ತಿನ ಸಂದರ್ಭ

ನೀವು ಒಡವೆ ಸಾಲದ ಗಡುವು ಮುಗಿದ ಪೆದ್ದಾಯನ. ಅಸಲು ಕಟ್ಟಲು ಕೈಯಲ್ಲಿ ಹಣವಿಲ್ಲ, ಪಟ್ಟುಗೂಳ್ಳು ಶಿಡ್ಲಘಟ್ಟದಲ್ಲಿ ಮಾರಿದ ಮೇಲೆ ಬರುತ್ತೇನೆ ಅನ್ನುತ್ತೀರಿ. ಒಂದೆರಡು ಸಲ ರೇಗಿಕೊಳ್ಳಿ. ನಾನು ಬಡ್ಡಿ ಮೊತ್ತ ಹೇಳಿ, ಈಗ ಅದನ್ನು ಕಟ್ಟಿದರೆ ಸಾಕು, ಸಾಲ ಹೊಸದಾಗಿ ಬರೆದುಕೊಳ್ಳುತ್ತೇವೆ ಅಂತ ಒಪ್ಪಿಸಬೇಕು. ಬೇಕಾಗುವ ಪದಗಳು: ಬಂಗಾರಂ, ಕುದುವ ಪೆಟ್ಟು (ಅಡ ಇಡು), ವಡ್ಡೀ, ಗಡುವು, ರಸೀದು. ನನ್ನ ಬಾಯಿಂದ ಬರಲೇಬೇಕಾದ ವಾಕ್ಯ: "ಇಪ್ಪುಡು ವಡ್ಡೀ ಕಟ್ಟಿತೇ ಚಾಲು." ಇದರಲ್ಲಿ -ಇತೇ ಅನ್ನುವುದು ನಮ್ಮ "-ದರೆ". ವಸ್ತೇ, ಇಸ್ತೇ ಅನ್ನುವ ರೂಪಗಳನ್ನೂ ಒಮ್ಮೊಮ್ಮೆ ಕೇಳಿಬಿಡಿ, ಅವು 23ನೇ ಅಭ್ಯಾಸದಲ್ಲಿ ಮೊದಲ ಸಲ ಬಂದವು, ಇನ್ನೂ ಹಸಿ.